ಹತ್ತು ಗಂಟೆಗೆ ಒಟ್ಟಿಗೆ ಬಂದ ಐದು ಸಾವಿರ ಜನರನ್ನು ಸಾಲಿನಲ್ಲಿ ನಿಲ್ಲಿಸಿದ್ದು

ನಮ್ಮ ಊರಿನ ಒಂದು ಸಂಸ್ಥೆ ಪ್ರತಿ ಏಪ್ರಿಲ್‌ನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತದೆ. ಸೀಟು 1,200. ಅವರ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ಮೊದಲ ವರ್ಷ ಬೆಳಿಗ್ಗೆ 10ಕ್ಕೆ ನೋಂದಣಿ ತೆರೆದೆವು. ಎರಡೇ ನಿಮಿಷದಲ್ಲಿ ಪೇಜ್ ನಿಂತುಹೋಯಿತು. ಪೇಜ್ ಬರದಿದ್ದರೆ ಜನ ಸುಮ್ನೆ ಕೂರುವುದಿಲ್ಲ, ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರೆ. ಒಬ್ಬರ ಜಾಗದಲ್ಲಿ ಹತ್ತು ಜನರ ಭಾರ ಬೀಳುತ್ತದೆ. ಮಧ್ಯಾಹ್ನದವರೆಗೂ ಒಂದೇ ಮಾತಿನ ಫೋನ್‌ಗಳು: "ಸರ್, ದುಡ್ಡು ಕಟ್ ಆಗಿದೆ, ಸೀಟ್ ಬಂದಿಲ್ಲ." ಆ ಮಾತು ಇನ್ನೊಮ್ಮೆ ಕೇಳಬಾರದು ಅಂತ ಮುಂದಿನ ವರ್ಷ ವರ್ಚುವಲ್ ವೇಟಿಂಗ್ ರೂಮ್ ಕಟ್ಟಿದೆ. ಇದನ್ನು ಬಾಡಿಗೆಗೆ ಕೊಡುವ ಸೇವೆಗಳಿವೆ. ನಮ್ಮ ಅಳತೆಗೆ ನಾನೇ ಬರೆದರೆ ಸಾಕು ಅನ್ನಿಸಿತು.

ವಿಷಯ ಇಷ್ಟೇ. ಜನ ಮೊದಲು ಬರುವುದು ಒಂದು ಹಗುರವಾದ ಪೇಜ್‌ಗೆ. ಅದು ಬರೀ ಎಚ್‌ಟಿಎಂಎಲ್ ಫೈಲ್, ಬೇರೆ ಬೇರೆ ಊರಿನ ಸರ್ವರ್‌ಗಳಿಂದ ಫೈಲ್ ಹಂಚುವ ಸಿಡಿಎನ್‌ನಲ್ಲಿ ಕೂತಿರುತ್ತದೆ. ಎಷ್ಟು ಸಾವಿರ ಜನ ತೆರೆದರೂ ನಮ್ಮ ಡೇಟಾಬೇಸ್‌ಗೆ ಅದರ ಬಿಸಿ ತಟ್ಟುವುದಿಲ್ಲ. ಆ ಪೇಜ್ ಆಗಾಗ ಒಂದು ಪುಟ್ಟ ಸರ್ವರ್ ಅನ್ನು "ನನ್ನ ಸರದಿ ಬಂತಾ?" ಅಂತ ಕೇಳುತ್ತದೆ. ಸರದಿ ಬಂದವರಿಗೆ ಮಾತ್ರ ಫಾರ್ಮ್ ಇರುವ ಸರ್ವರ್‌ಗೆ ಪಾಸ್ ಸಿಗುತ್ತದೆ.

ಸಾಲು ಹೇಗೆ ಹಚ್ಚುವುದು ಎಂಬಲ್ಲೇ ಚರ್ಚೆ ಶುರುವಾಯಿತು. ಶಿಬಿರದ ಮೇಡಂ ಕೇಳಿದರು, "ಮೊದಲು ಬಂದವರಿಗೆ ಮೊದಲು, ಅಲ್ವಾ?" ಕೇಳುವುದಕ್ಕೆ ನ್ಯಾಯ ಅನ್ನಿಸುತ್ತದೆ. ಆದರೆ ಹತ್ತು ಗಂಟೆಯ ಅದೇ ಸೆಕೆಂಡಿಗೆ ಮೂರು ಸಾವಿರ ಜನ ಒತ್ತಿದಾಗ ಮೊದಲು ಬರುವವರು ಯಾರು? ಒಳ್ಳೆಯ ನೆಟ್ ಇದ್ದವರು. ಹೊರವಲಯದ ಹಳ್ಳಿಯಲ್ಲಿ ಎರಡು ಕಡ್ಡಿ ಸಿಗ್ನಲ್‌ನಲ್ಲಿ ಒತ್ತಿದ ತಾಯಿ ಯಾವಾಗಲೂ ಹಿಂದೆಯೇ. ಬೇಗ ಬಂದವರಿಗೆ ಮುಂದಿನ ನಂಬರ್ ಅಂದರೆ ಜನ ಬೆಳಿಗ್ಗೆ ಆರಕ್ಕೇ ಬಂದು ಕೂರುತ್ತಾರೆ. ಹಾಗಾಗಿ 9:30ರಿಂದ 10ರ ಒಳಗೆ ಬಂದ ಎಲ್ಲರನ್ನೂ ಒಂದೇ ಗುಂಪು ಎಂದು ಲೆಕ್ಕ ಹಿಡಿದು ಚೀಟಿ ಎತ್ತಿದೆವು. ಹತ್ತರ ನಂತರ ಬಂದವರು ಬಂದ ಕ್ರಮದಲ್ಲಿ ಅವರ ಹಿಂದೆ. ಮೆಮೊರಿಯಲ್ಲೇ ಪಟ್ಟಿ ಇಡುವ ರೆಡಿಸ್ ಎಂಬ ಡೇಟಾಬೇಸ್‌ನಲ್ಲಿ ಇದು ನಾಲ್ಕೇ ಸಾಲು:

```
ZADD reg:line NX 0.7314 <token>   # 10ಕ್ಕೆ ಮೊದಲು: 0-1ರ ನಡುವಿನ ರ‍್ಯಾಂಡಮ್ ಸಂಖ್ಯೆ
INCR reg:late                     # 10ರ ನಂತರ: n
ZADD reg:line NX <1+n> <token>
ZRANK reg:line <token>            # ಇದರಿಂದ ಈಗಾಗಲೇ ಕರೆದವರನ್ನು ಕಳೆದರೆ, ಮುಂದೆ ಎಷ್ಟು ಜನ
```

ಇಲ್ಲಿ `token` ಅಂದರೆ ಪ್ರತಿ ಫೋನಿಗೆ ಕೊಟ್ಟ ಗುರುತು. `NX` ಬಹಳ ಮುಖ್ಯ. ಅದಿದ್ದರೆ ರಿಫ್ರೆಶ್ ಒತ್ತಿದರೂ ಮೊದಲು ಸಿಕ್ಕ ಜಾಗ ಬದಲಾಗುವುದಿಲ್ಲ. ಎದ್ದು ಹೋದವರನ್ನು ಈ ಪಟ್ಟಿಯಿಂದ ಅಳಿಸಲೂ ಬಾರದು. ಅಳಿಸಿದರೆ ಹಿಂದಿನವರ ನಂಬರ್ ಎಲ್ಲಾ ಒಮ್ಮೆಲೇ ಮುಂದೆ ಸರಿದು, ಲೆಕ್ಕಕ್ಕಿಂತ ಜಾಸ್ತಿ ಜನ ಒಳಗೆ ನುಗ್ಗುತ್ತಾರೆ.

ಮುಂದಿನ ಪ್ರಶ್ನೆ, ಎಷ್ಟು ಜನರನ್ನು ಒಳಗೆ ಬಿಡುವುದು? ಊಹೆ ಮಾಡಲಿಲ್ಲ. ಹಿಂದಿನ ವರ್ಷದ ಲಾಗ್ ತೆಗೆದು ನೋಡಿದೆ. ಫಾರ್ಮ್ ತೆರೆದು, ಮಗುವಿನ ಫೋಟೊ ಹಾಕಿ, ಹಣ ಕಟ್ಟಿ ಮುಗಿಸುವುದಕ್ಕೆ ಸರಾಸರಿ 6 ನಿಮಿಷ. ಲೋಡ್ ಟೆಸ್ಟ್ ಮಾಡಿದಾಗ 300 ಜನ ಒಟ್ಟಿಗೆ ಒಳಗಿದ್ದರೂ ಸರ್ವರ್ ಆರಾಮಾಗಿತ್ತು. 300ನ್ನು 6ರಿಂದ ಭಾಗಿಸಿ. ನಿಮಿಷಕ್ಕೆ 50 ಜನ. ಇದಕ್ಕಿಂತ ದೊಡ್ಡ ಗಣಿತ ಬೇಕಾಗಲಿಲ್ಲ.

ಆದರೆ ನಮ್ಮವರೇ ಅರವತ್ತು ಜನ ಕೂತು ಮಾಡಿದ ರಿಹರ್ಸಲ್‌ನಲ್ಲಿ ಈ 50ರ ಲೆಕ್ಕ ಕೈಕೊಟ್ಟಿತು. ಐವತ್ತು ಜನರ ಸರದಿ ಬಂದರೆ ಒಳಗೆ ಬಂದವರು ಮೂವತ್ತೇ. ಉಳಿದವರು ಫೋನ್ ಲಾಕ್ ಮಾಡಿ ಜೇಬಿಗೆ ಹಾಕಿದ್ದರು, ಇಲ್ಲವೇ ವಾಟ್ಸ್ಆ್ಯಪ್‌ಗೆ ಹೋಗಿದ್ದರು. ಹಿಂದೆ ಸರಿದ ಟ್ಯಾಬ್ ಅನ್ನು ಮೊಬೈಲ್ ಬ್ರೌಸರ್ ಮಲಗಿಸಿಬಿಡುತ್ತದೆ, "ಸರದಿ ಬಂತಾ" ಅಂತ ಕೇಳುವುದೇ ನಿಂತುಹೋಗುತ್ತದೆ. ಆಮೇಲೆ ಗಡಿಯಾರ ನೋಡಿ ಬಿಡುವುದನ್ನು ಕೈಬಿಟ್ಟೆ. ಐದು ಸೆಕೆಂಡಿಗೊಮ್ಮೆ ಒಳಗಿರುವವರು, ಈಗಷ್ಟೇ ಕರೆದವರು ಸೇರಿ ಎಷ್ಟು ಜನ ಇದ್ದಾರೆ ಎಂದು ಎಣಿಸಿ, 270ಕ್ಕಿಂತ ಕಡಿಮೆ ಇದ್ದಷ್ಟು ಮಾತ್ರ ಮುಂದಿನವರನ್ನು ಕರೆದೆ. 30 ಜಾಗ ಖಾಲಿ ಇಟ್ಟಿದ್ದು, ಸರದಿ ತಪ್ಪಿ ಹತ್ತು ನಿಮಿಷದೊಳಗೆ ವಾಪಸ್ ಬಂದವರಿಗೆ. ಅವರನ್ನು ಸಾಲಿನ ಕೊನೆಗೆ ಕಳಿಸುವ ಮನಸ್ಸು ಬರಲಿಲ್ಲ. ಮಗುವಿಗೆ ಊಟ ಮಾಡಿಸಲು ಎದ್ದು ಹೋಗಿರಬಹುದಲ್ಲ.

ಅದೇ ರಿಹರ್ಸಲ್‌ನಲ್ಲಿ ಇನ್ನೂ ದೊಡ್ಡದೊಂದು ತಪ್ಪು ಕಣ್ಣಿಗೆ ಬಿತ್ತು. ಮೊದಲ ಹನ್ನೆರಡು ಜನ ಹಣ ಕಟ್ಟಿದರು. ಹಣ ವಸೂಲಿ ಮಾಡಿಕೊಡುವ ಪೇಮೆಂಟ್ ಗೇಟ್‌ವೇ ಪರದೆಯಲ್ಲಿ ಹನ್ನೆರಡೂ ಯಶಸ್ವಿ. ನಮ್ಮ ಡೇಟಾಬೇಸ್‌ನಲ್ಲಿ ಹನ್ನೆರಡೂ 'ಬಾಕಿ'. ಎದೆ ಧಸಕ್ ಅಂದಿತು, ಮತ್ತೆ ಅದೇ ಫೋನ್‌ಗಳು ಬರುತ್ತವೆ ಅಂತ. ಹಣ ಬಂದಿದೆ ಎಂದು ತಿಳಿಸಲು ಗೇಟ್‌ವೇ ನಮ್ಮ ಸರ್ವರ್‌ಗೆ ಒಂದು ವೆಬ್‌ಹುಕ್ ಕಳಿಸುತ್ತದೆ. ಅದು ಬರುವುದು ಗೇಟ್‌ವೇಯ ಕಂಪ್ಯೂಟರ್‌ನಿಂದ. ಅದರ ಬಳಿ ನಮ್ಮ ಪಾಸ್ ಎಲ್ಲಿರಬೇಕು? ನಾನು ಬರೆದ ಕಾವಲು ಪಾಸ್ ಇಲ್ಲದ ಎಲ್ಲರಿಗೂ ವೇಟಿಂಗ್ ರೂಮ್ ಪೇಜನ್ನೇ ತೋರಿಸುತ್ತಿತ್ತು. ಗೇಟ್‌ವೇಗೂ ಅದನ್ನೇ ಕೊಟ್ಟಿತು, ಅದೂ 'ಎಲ್ಲಾ ಸರಿ' ಎಂದು ಅರ್ಥ ಕೊಡುವ 200 ಎಂಬ ಉತ್ತರದ ಜೊತೆಗೆ. 200 ಸಿಕ್ಕಿದ ಮೇಲೆ ಗೇಟ್‌ವೇ ಸುದ್ದಿ ತಲುಪಿತು ಎಂದುಕೊಂಡಿತು, ಮತ್ತೆ ಕಳಿಸಲೇ ಇಲ್ಲ. ವೆಬ್‌ಹುಕ್ ದಾರಿಯನ್ನು ಕಾವಲಿನಿಂದ ಹೊರಗಿಟ್ಟೆ. ಅದರ ಅಸಲಿತನವನ್ನು ಗೇಟ್‌ವೇಯ ಸಹಿಯಿಂದಲೇ ಪರೀಕ್ಷಿಸಿದೆ. ನೀವು ಕಟ್ಟುವುದಾದರೆ ನಿಜವಾದ ಒಂದು ರೂಪಾಯಿ ಕಟ್ಟಿ, ನಿಮ್ಮ ಡೇಟಾಬೇಸ್‌ವರೆಗೂ ಅದು ಬಂತಾ ನೋಡಿ.

ಪಾಸ್ ಎಂದರೆ ಸರ್ವರ್ ಸಹಿ ಹಾಕಿದ, 15 ನಿಮಿಷ ಬಾಳುವ ಒಂದು ಕುಕಿ. ಅದನ್ನು ಫಾರ್ಮ್ ತೋರಿಸುವಾಗ ನೋಡಿದರೆ ಸಾಲದು, ಫಾರ್ಮ್ ಒಪ್ಪಿಸುವಾಗಲೂ ನೋಡಬೇಕು. ಇಲ್ಲದಿದ್ದರೆ ಒಪ್ಪಿಸುವ ವಿಳಾಸ ಗೊತ್ತಿದ್ದವರು ಸಾಲು ತಪ್ಪಿಸಿ ನೇರ ಬರುತ್ತಾರೆ. ಕೊಟ್ಟ ಪಾಸ್‌ಗಿಂತ ಬಂದ ಅರ್ಜಿ ಜಾಸ್ತಿ ಇದ್ದರೆ ಎಲ್ಲೋ ಬೇಲಿ ಮುರಿದಿದೆ ಎಂದೇ ಅರ್ಥ.

ಒಂದೇ ಐಪಿ ವಿಳಾಸದಿಂದ ಹಲವರು ಬಂದರೆ ತಡೆಯುವ ಸಲಹೆಯೂ ಬಂದಿತ್ತು. ನಾನು ಒಪ್ಪಲಿಲ್ಲ. ಮೊಬೈಲ್ ನೆಟ್‌ನಲ್ಲಿ ನೂರಾರು ಜನ ಒಂದೇ ಐಪಿ ಹಂಚಿಕೊಂಡಿರುತ್ತಾರೆ.

ನೋಂದಣಿಯ ದಿನ ಹತ್ತು ಗಂಟೆಗೆ 5,400 ಜನ ಇದ್ದರು. ಎಲ್ಲರೂ ಒಟ್ಟಿಗೆ ಕೇಳದಿರಲಿ ಎಂದು ಪ್ರತಿ ಫೋನಿಗೂ 10ರಿಂದ 20 ಸೆಕೆಂಡಿನ ನಡುವೆ ಬೇರೆ ಬೇರೆ ಅಂತರ ಕೊಟ್ಟಿದ್ದೆ. ಹಾಗಾಗಿ ಪುಟ್ಟ ಸರ್ವರ್‌ಗೆ ಬಿದ್ದದ್ದು ಸೆಕೆಂಡಿಗೆ 360 ಪ್ರಶ್ನೆಗಳಷ್ಟೇ. ಪರದೆಯಲ್ಲಿ ಎರಡೇ ಸಂಖ್ಯೆ: ನಿಮ್ಮ ಮುಂದೆ ಎಷ್ಟು ಜನ, ಉಳಿದ ಸೀಟು ಎಷ್ಟು. ಉಳಿದ ಸೀಟು ತೋರಿಸಿದರೆ ಜನ ಬೇಜಾರಾಗುತ್ತಾರೆ ಅಂತ ಮೇಡಂಗೆ ಆತಂಕ. ನಾನು ಬಿಡಲಿಲ್ಲ. ಮುಂದೆ 3,800 ಜನ ಇದ್ದಾರೆ, ಸೀಟು 640 ಎಂದು ಗೊತ್ತಾದರೆ ಆ ತಂದೆ ಎದ್ದು ಕೆಲಸಕ್ಕೆ ಹೋಗಬಹುದು. ಸುಳ್ಳು ಆಸೆಯಲ್ಲಿ ಅರ್ಧ ಗಂಟೆ ಕೂರಿಸುವುದು ಸರಿಯಲ್ಲ.

10:34ಕ್ಕೆ ಸೀಟು ಮುಗಿಯಿತು. ಸಾಲು ನಿಲ್ಲಿಸಿ, ಕಾಯುತ್ತಿದ್ದ ಎಲ್ಲರಿಗೂ ಅದನ್ನೇ ಹೇಳಿ, ಯಾರಾದರೂ ಬಿಟ್ಟರೆ ಕರೆಯಲು ಹೆಸರು ಬರೆಸಿಕೊಳ್ಳುವ ಪೇಜ್ ಕೊಟ್ಟೆವು. ಹಣ ಕಟ್ ಆಗಿ ಸೀಟ್ ಬಾರದ ಫೋನ್ ಒಂದೂ ಬರಲಿಲ್ಲ.

ಒಂದು ದೂರು ಮಾತ್ರ ನ್ಯಾಯವಾದದ್ದು. ಮನೆಯಲ್ಲಿ ನಾಲ್ಕು ಫೋನ್ ಇದ್ದವರಿಗೆ ನಾಲ್ಕು ಚೀಟಿ, ಒಂದೇ ಫೋನ್ ಇದ್ದವರಿಗೆ ಒಂದು. ಒಟಿಪಿ ಕೇಳಿ ತಡೆಯೋಣ ಎಂದರೆ ಹತ್ತು ಗಂಟೆಗೆ ಐದು ಸಾವಿರ ಎಸ್‌ಎಂಎಸ್ ಹೋಗಬೇಕು, ಅಲ್ಲೇ ಇನ್ನೊಂದು ಇಕ್ಕಟ್ಟಾಗುತ್ತದೆ. ಈ ಸಲ ಒಟಿಪಿಯನ್ನು ಒಂದು ವಾರ ಮೊದಲೇ ಮುಗಿಸುತ್ತಿದ್ದೇವೆ. ಮಗುವಿನ ಹೆಸರು, ಹುಟ್ಟಿದ ದಿನ ಕೊಟ್ಟರೆ ಆ ಮಗುವಿಗೆ ಒಂದೇ ಟೋಕನ್. ಎಷ್ಟು ಫೋನಿನಲ್ಲಿ ತೆರೆದರೂ ಸಾಲಿನಲ್ಲಿ ಜಾಗ ಒಂದೇ.