ವೈಫೈ ಇದೆ, ಇಂಟರ್‌ನೆಟ್ ಇಲ್ಲ: ಮನೆ ಬದಲಿಸಿದ ಮೇಲೆ ರೌಟರ್‌ನ ಕೇಬಲ್ ಯಾವ ಪೋರ್ಟ್‌ನಲ್ಲಿದೆ ನೋಡಿ

ಮನೆ ಬದಲಿಸಿದ ದಿನ ಸಾಮಾನುಗಳನ್ನೆಲ್ಲ ಇಳಿಸಿ, ಸಂಜೆಯ ಹೊತ್ತಿಗೆ ರೌಟರ್ ಜೋಡಿಸಿದಾಗ ಹಲವರಿಗೆ ಒಂದೇ ಬಗೆಯ ತೊಂದರೆ ಎದುರಾಗುತ್ತದೆ. ರೌಟರ್‌ನ ದೀಪಗಳು ಉರಿಯುತ್ತಿರುತ್ತವೆ. ಮೊಬೈಲ್‌ನಲ್ಲಿ ಹಳೆಯ ವೈಫೈ ಹೆಸರೇ ಕಾಣಿಸುತ್ತದೆ, ಪಾಸ್‌ವರ್ಡ್ ಕೇಳದೆ ಸೇರಿಕೊಳ್ಳುತ್ತದೆ, ಸಿಗ್ನಲ್ ಕೂಡ ಪೂರ್ತಿ ಇರುತ್ತದೆ. ಆದರೆ ಒಂದು ಪುಟವೂ ತೆರೆಯುವುದಿಲ್ಲ. ಬಿಲ್ ಬಾಕಿ ಇಲ್ಲ, ಸಂಪರ್ಕವನ್ನು ಹೊಸ ವಿಳಾಸಕ್ಕೆ ವರ್ಗಾಯಿಸಿಯೂ ಆಗಿದೆ ಎಂದಾದರೆ, ದೂರು ಕೊಡುವ ಮೊದಲು ರೌಟರ್‌ನ ಹಿಂಬದಿಯನ್ನು ತಿರುಗಿಸಿ ನೋಡಬೇಕು. ಹೊರಗಿನಿಂದ ಇಂಟರ್‌ನೆಟ್ ತರುವ ಕೇಬಲ್, ತನ್ನ ಜಾಗವಾದ ವ್ಯಾನ್ ಪೋರ್ಟ್ ಬಿಟ್ಟು ಪಕ್ಕದ ಲ್ಯಾನ್ ಪೋರ್ಟ್‌ನಲ್ಲಿ ಕುಳಿತಿರುವ ಸಾಧ್ಯತೆ ಬಹಳಷ್ಟಿದೆ.

ಎರಡೂ ಪೋರ್ಟ್‌ಗಳ ಅಳತೆ ಒಂದೇ, ಕೇಬಲ್‌ನ ತುದಿಯೂ ಒಂದೇ. ಆದ್ದರಿಂದ ಕೇಬಲ್ ಯಾವುದಕ್ಕೆ ಹಾಕಿದರೂ ‘ಟಿಕ್’ ಎಂದು ಕೂರುತ್ತದೆ ಮತ್ತು ಪೋರ್ಟ್‌ನ ದೀಪ ಉರಿಯುತ್ತದೆ. ತಪ್ಪಾಗಿದೆ ಎಂಬುದರ ಸುಳಿವು ಕೈಗೂ ಸಿಗುವುದಿಲ್ಲ, ಕಣ್ಣಿಗೂ ಸಿಗುವುದಿಲ್ಲ. ರೌಟರ್‌ನ ಒಳಗೆ ಮಾತ್ರ ಅವುಗಳ ಕೆಲಸ ಬೇರೆ ಬೇರೆ. ವ್ಯಾನ್ ಪೋರ್ಟ್ ಮನೆಯ ತಲೆಬಾಗಿಲಿದ್ದಂತೆ, ಲ್ಯಾನ್ ಪೋರ್ಟ್‌ಗಳು ಒಳಕೋಣೆಗಳ ಬಾಗಿಲುಗಳಿದ್ದಂತೆ. ಮೊಬೈಲ್ ಅಥವಾ ಲ್ಯಾಪ್‌ಟಾಪ್ ಹೊರಗಿನದೇನನ್ನಾದರೂ ಕೇಳಿದಾಗ ರೌಟರ್ ಆ ಕೋರಿಕೆಯನ್ನು ವ್ಯಾನ್ ಪೋರ್ಟ್‌ನ ಮೂಲಕವೇ ಕಳುಹಿಸಲು ಹೋಗುತ್ತದೆ. ಅಲ್ಲಿ ಕೇಬಲ್ ಇಲ್ಲವೆಂದಾದರೆ ಕೋರಿಕೆ ಅಲ್ಲಿಗೇ ನಿಲ್ಲುತ್ತದೆ. ಲ್ಯಾನ್ ಪೋರ್ಟ್‌ಗೆ ಹಾಕಿದ ಇಂಟರ್‌ನೆಟ್ ಕೇಬಲ್ ಅದರ ಲೆಕ್ಕದಲ್ಲಿ ಮನೆಯ ಇನ್ನೊಂದು ಕಂಪ್ಯೂಟರ್ ಮಾತ್ರ.

ಮೊದಲು ಪೋರ್ಟ್ ಗುರುತಿಸಿ, ಬಳಿಕ ಕೇಬಲ್ ಗುರುತಿಸಿ

ಸಾಮಾನ್ಯವಾಗಿ ಮನೆಯ ರೌಟರ್‌ಗಳಲ್ಲಿ ವ್ಯಾನ್ ಪೋರ್ಟ್ ಒಂದೇ ಇರುತ್ತದೆ. ಲ್ಯಾನ್ ಪೋರ್ಟ್‌ಗಳು ಎರಡರಿಂದ ನಾಲ್ಕರವರೆಗೆ ಇರುತ್ತವೆ. ಒಂಟಿ ಪೋರ್ಟ್‌ಗೆ ಬೇರೆ ಬಣ್ಣ ಕೊಟ್ಟಿರುವುದು ಅಥವಾ ಅದನ್ನು ತುಸು ದೂರದಲ್ಲಿ ಇಟ್ಟಿರುವುದು ವಾಡಿಕೆ. ಹಲವು ರೌಟರ್‌ಗಳಲ್ಲಿ ಅದು ನೀಲಿ, ಉಳಿದವು ಹಳದಿ. ಆದರೆ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಅಕ್ಷರವನ್ನೇ ನಂಬಬೇಕು: ಪೋರ್ಟ್‌ನ ಮೇಲೆ WAN ಅಥವಾ INTERNET ಎಂದು, ಇಲ್ಲವೇ ಭೂಗೋಲದ ಚಿಹ್ನೆಯನ್ನು ಮುದ್ರಿಸಿರುತ್ತಾರೆ. ಲ್ಯಾನ್ ಪೋರ್ಟ್‌ಗಳ ಮೇಲೆ 1, 2, 3, 4 ಎಂಬ ಅಂಕಿಗಳಿರುತ್ತವೆ. ಕಪ್ಪು ಪ್ಲಾಸ್ಟಿಕ್‌ನ ಮೇಲೆ ಉಬ್ಬಕ್ಷರದಲ್ಲಿ ಮಾತ್ರ ಬರೆದಿದ್ದರೆ ಮೊಬೈಲ್‌ನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ.

ಕೇಬಲ್ ಗುರುತಿಸುವುದು ಇದಕ್ಕಿಂತ ಸ್ವಲ್ಪ ಕಷ್ಟ. ಸಿಸಿಟಿವಿಯ ರೆಕಾರ್ಡರ್, ಟಿವಿ, ಕಂಪ್ಯೂಟರ್ ಎಲ್ಲದರ ಕೇಬಲ್‌ಗಳೂ ಒಂದೇ ಬಣ್ಣದವಾಗಿದ್ದು, ಒಂದೇ ಚೀಲದಲ್ಲಿ ಬಂದಿರುತ್ತವೆ. ಹಾಗಾಗಿ ತುದಿಯನ್ನಷ್ಟೇ ನೋಡದೆ, ಕೇಬಲನ್ನು ಬೆರಳಿನಿಂದ ಹಿಡಿದು ಇನ್ನೊಂದು ತುದಿಯವರೆಗೂ ಹೋಗಬೇಕು. ಫೈಬರ್ ಸಂಪರ್ಕವಿದ್ದರೆ ಗೋಡೆಗೆ ಹಾಕಿದ ಫೈಬರ್ ಬಾಕ್ಸ್‌ನಿಂದ ಬರುವ ಕೇಬಲ್ ನಮಗೆ ಬೇಕಾದದ್ದು; ಸ್ಥಳೀಯ ಕೇಬಲ್ ಆಪರೇಟರ್ ಕಂಬದಿಂದ ಅಥವಾ ಕಟ್ಟಡದ ಮೆಟ್ಟಿಲ ಬಳಿಯ ಪೆಟ್ಟಿಗೆಯಿಂದ ನೇರವಾಗಿ ತಂತಿ ಎಳೆದಿದ್ದರೆ ಆ ತಂತಿಯೇ ಬೇಕಾದದ್ದು. ಇಲ್ಲಿ ಮೋಸಹೋಗುವ ಒಂದು ಸಂದರ್ಭವಿದೆ. ಸಿಸಿಟಿವಿ ರೆಕಾರ್ಡರ್‌ನ ಕೇಬಲ್ ವ್ಯಾನ್‌ಗೂ ಇಂಟರ್‌ನೆಟ್ ಕೇಬಲ್ ಲ್ಯಾನ್‌ಗೂ ಅದಲುಬದಲಾಗಿದ್ದರೆ ವ್ಯಾನ್‌ನ ದೀಪ ಉರಿಯುತ್ತಲೇ ಇರುತ್ತದೆ. ಆ ದೀಪ ಹೇಳುವುದು ಇಷ್ಟೇ: ಕೇಬಲ್‌ನ ಆ ತುದಿಯಲ್ಲಿ ಯಾವುದೋ ಒಂದು ಯಂತ್ರ ಚಾಲೂ ಇದೆ. ಅದು ಇಂಟರ್‌ನೆಟ್ ಬಂದಿರುವುದಕ್ಕೆ ಸಾಕ್ಷಿಯಲ್ಲ.

ಫೈಬರ್ ತಂತಿಯನ್ನು ಮಾತ್ರ ಕೀಳಬೇಡಿ, ಮಡಚಬೇಡಿ. ಕಂಪನಿ ಕೊಟ್ಟ ಒಂದೇ ಪೆಟ್ಟಿಗೆಯಲ್ಲಿ ಫೈಬರ್ ಮತ್ತು ವೈಫೈ ಎರಡೂ ಇದ್ದು, ನೀವು ಬೇರೆ ರೌಟರ್ ಇಟ್ಟಿಲ್ಲವಾದರೆ ಅಲ್ಲಿ ಫೈಬರೇ ಹೊರದಾರಿ. ಈ ಲೇಖನದ ಸಮಸ್ಯೆ ಅಲ್ಲಿ ಹುಟ್ಟುವುದಿಲ್ಲ.

ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ

ಕೇಬಲ್ ತಪ್ಪು ಪೋರ್ಟ್‌ನಲ್ಲಿದ್ದರೆ ಯಾರಿಗೂ ಇಂಟರ್‌ನೆಟ್ ಬರಬಾರದಲ್ಲವೇ ಎಂದು ಕೇಳಬಹುದು. ಕೆಲವು ಮನೆಗಳಲ್ಲಿ ಹಾಗೆಯೇ ಆಗುತ್ತದೆ. ಆದರೆ ಇನ್ನು ಕೆಲವು ಮನೆಗಳಲ್ಲಿ ಅರ್ಧಂಬರ್ಧ ಬರುತ್ತದೆ, ಜನ ಹೆಚ್ಚು ಗೊಂದಲಕ್ಕೆ ಬೀಳುವುದು ಅಲ್ಲಿಯೇ.

ದಾವಣಗೆರೆಯ ನಿಟುವಳ್ಳಿಯಿಂದ ವಿದ್ಯಾನಗರಕ್ಕೆ ಬಂದ ಒಂದು ಕುಟುಂಬವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕಂಪನಿಯವರು ಬಂದು ಹೊಸ ಮನೆಯ ಹಾಲ್‌ನಲ್ಲಿ ಫೈಬರ್ ಬಾಕ್ಸ್ ಕೂರಿಸಿ, ಅದರ ಹಸಿರು ದೀಪ ತೋರಿಸಿ ಹೋಗಿದ್ದಾರೆ. ಮನೆಯವರು ತಮ್ಮ ಸ್ವಂತ ರೌಟರನ್ನು ತಾವೇ ಜೋಡಿಸಿದ್ದಾರೆ. ಬಾಕ್ಸ್‌ನ ಕೇಬಲ್ ಹಳದಿ ಪೋರ್ಟ್ 1ಕ್ಕೆ ಹೋಗಿದೆ, ನೀಲಿ ಪೋರ್ಟ್ ಖಾಲಿ ಇದೆ. ಮಗಳ ಮೊಬೈಲ್‌ನಲ್ಲಿ ವಿಡಿಯೊ ಓಡುತ್ತದೆ, ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ಏನೂ ಬರುವುದಿಲ್ಲ. ಅರ್ಧ ಗಂಟೆ ಬಿಟ್ಟು ರೌಟರ್ ಆರಿಸಿ ಹಚ್ಚಿದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಅಮ್ಮನ ಮೊಬೈಲ್ ನಿಂತಿರುತ್ತದೆ. ಲ್ಯಾಪ್‌ಟಾಪೇ ಕೆಟ್ಟಿದೆ ಎಂದು ತೀರ್ಮಾನಿಸುವುದು ಇಂಥ ಹೊತ್ತಿನಲ್ಲಿ ಸಹಜ, ಆದರೆ ಅದರ ತಪ್ಪೇನೂ ಇಲ್ಲ.

ವೈಫೈಗೆ ಸೇರುವ ಪ್ರತಿಯೊಂದು ಸಾಧನವೂ ಮೊದಲು ತನಗೊಂದು ಐಪಿ ವಿಳಾಸ ಕೊಡಿ ಎಂದು ಕೇಳುತ್ತದೆ. ಮನೆಯಲ್ಲಿ ಆ ವಿಳಾಸ ಹಂಚುವ ಯಂತ್ರ ಒಂದೇ ಇರಬೇಕು. ಈ ಮನೆಯ ಫೈಬರ್ ಬಾಕ್ಸ್ ತಾನೇ ಇಂಟರ್‌ನೆಟ್‌ಗೆ ಲಾಗಿನ್ ಆಗಿ ವಿಳಾಸಗಳನ್ನೂ ಹಂಚುತ್ತದೆ, ರೌಟರ್ ಕೂಡ ಹಂಚುತ್ತದೆ. ಲ್ಯಾನ್ ಪೋರ್ಟ್‌ನ ಮೂಲಕ ಎರಡೂ ಒಂದೇ ಅಂಗಳಕ್ಕೆ ಬಂದುಬಿಟ್ಟಿವೆ. ಯಾವುದರ ಉತ್ತರ ಮೊದಲು ಬರುತ್ತದೆಯೋ ಸಾಧನ ಸಾಮಾನ್ಯವಾಗಿ ಅದನ್ನೇ ಹಿಡಿಯುತ್ತದೆ. ಬಾಕ್ಸ್‌ನ ಉತ್ತರ ಹಿಡಿದವರಿಗೆ ಇಂಟರ್‌ನೆಟ್ ಇದೆ, ರೌಟರ್‌ನ ಉತ್ತರ ಹಿಡಿದವರಿಗೆ ಇಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಮೊಬೈಲ್‌ನ ವೈಫೈ ಸೆಟ್ಟಿಂಗ್‌ನಲ್ಲಿ ಸಂಪರ್ಕಗೊಂಡ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ವಿವರಗಳು ತೆರೆಯುತ್ತವೆ. ಅಲ್ಲಿ ಗೇಟ್‌ವೇ ಅಥವಾ ರೌಟರ್ ಎಂಬ ಸಾಲಿನ ಮುಂದಿನ ಸಂಖ್ಯೆಯನ್ನು ಓದಿ; ಸಾಧನ ತನ್ನ ಕೋರಿಕೆಗಳನ್ನು ಹೊರಗೆ ಕಳುಹಿಸಲು ಯಾವ ಯಂತ್ರಕ್ಕೆ ಕೊಡುತ್ತಿದೆ ಎಂಬುದನ್ನು ಅದು ಹೇಳುತ್ತದೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ, Default Gateway ಎಂಬ ಸಾಲನ್ನು ನೋಡಬೇಕು:

```
ipconfig
```

ನಮ್ಮ ಉದಾಹರಣೆಯ ಮನೆಯಲ್ಲಿ ಮಗಳ ಮೊಬೈಲ್‌ನ ಗೇಟ್‌ವೇ 192.168.1.1, ಅದು ಫೈಬರ್ ಬಾಕ್ಸ್‌ನ ವಿಳಾಸ. ಅಪ್ಪನ ಲ್ಯಾಪ್‌ಟಾಪ್‌ನ ಗೇಟ್‌ವೇ 192.168.0.1, ಅದು ರೌಟರ್‌ನ ವಿಳಾಸ. ಒಂದೇ ವೈಫೈನಲ್ಲಿರುವ ಎರಡು ಸಾಧನಗಳು ಎರಡು ಬೇರೆ ಗೇಟ್‌ವೇ ತೋರಿಸಿದರೆ ರೋಗ ಇದೇ ಎಂದು ಧೈರ್ಯವಾಗಿ ಹೇಳಬಹುದು.

ಯಾರಿಗೂ ಬಾರದ ಮನೆಗಳಲ್ಲಿ ಲಾಗಿನ್ ಆಗುವ ಕೆಲಸ ರೌಟರ್‌ನದು. ಕಂಪನಿ ಕೊಟ್ಟ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಅದರೊಳಗೇ ಇರುತ್ತವೆ, ಆದರೆ ಅದು ವ್ಯಾನ್ ಪೋರ್ಟ್‌ನಲ್ಲಿ ಮಾತ್ರ ಲಾಗಿನ್ ಆಗಲು ನೋಡುತ್ತದೆ. ಆಪರೇಟರ್‌ನ ತಂತಿ ನೇರವಾಗಿ ಮನೆಗೆ ಬಂದಿದ್ದು ಅದನ್ನು ಲ್ಯಾನ್‌ಗೆ ಹಾಕಿದ್ದರೆ ಇನ್ನೊಂದು ಅಪಾಯವೂ ಇದೆ: ನಿಮ್ಮ ರೌಟರ್ ಹಂಚುವ ವಿಳಾಸಗಳು ಆ ತಂತಿಯ ಮೂಲಕ ಹೊರಗೂ ಹೋಗಿ, ಆಪರೇಟರ್ ತಡೆ ಹಾಕಿರದಿದ್ದರೆ ಅಕ್ಕಪಕ್ಕದ ಮನೆಗಳ ಸಂಪರ್ಕವನ್ನೂ ಕೆಡಿಸಬಹುದು. ಆದ್ದರಿಂದ ನಾಳೆ ನೋಡೋಣವೆಂದು ಬಿಡದೆ ಆ ತಂತಿಯನ್ನು ಕೂಡಲೇ ತೆಗೆಯಬೇಕು.

ಸರಿಪಡಿಸುವ ಕ್ರಮ

ರೌಟರ್ ಮತ್ತು ಫೈಬರ್ ಬಾಕ್ಸ್ ಎರಡರ ಸ್ವಿಚ್ಚನ್ನೂ ಆರಿಸಿ. ಕೇಬಲ್ ತುದಿಯ ಪ್ಲಾಸ್ಟಿಕ್ ನಾಲಗೆಯನ್ನು ಒತ್ತಿ ಹಿಡಿದು ಲ್ಯಾನ್ ಪೋರ್ಟ್‌ನಿಂದ ತೆಗೆದು ವ್ಯಾನ್ ಪೋರ್ಟ್‌ಗೆ ಸದ್ದು ಬರುವವರೆಗೆ ತಳ್ಳಿ. ಫೈಬರ್ ಬಾಕ್ಸ್‌ನ ಕಡೆಯ ತುದಿ ಮೊದಲು ಇದ್ದ ಲ್ಯಾನ್ ಪೋರ್ಟ್‌ನಲ್ಲೇ ಇರಲಿ, ಅಲ್ಲಿ ಅದು ಇರಬೇಕಾದದ್ದೇ ಹಾಗೆ. ಮೊದಲು ಬಾಕ್ಸ್ ಹಚ್ಚಿ, ಅದರ ದೀಪಗಳು ಸ್ಥಿರವಾಗಲು ಎರಡು ಮೂರು ನಿಮಿಷ ಕೊಟ್ಟು, ಆಮೇಲೆ ರೌಟರ್ ಹಚ್ಚಿ.

ರೌಟರನ್ನು ಆರಿಸದೆ ಕೇಬಲ್ ಮಾತ್ರ ಬದಲಿಸಿದವರಿಗೆ ಒಂದು ಅಚ್ಚರಿ ಕಾದಿರುತ್ತದೆ: ಇಷ್ಟು ಹೊತ್ತು ನಡೆಯುತ್ತಿದ್ದ ಮಗಳ ಮೊಬೈಲ್ ಈಗ ನಿಂತುಬಿಡುತ್ತದೆ. ಅದು ಇನ್ನೂ ಬಾಕ್ಸ್ ಕೊಟ್ಟ ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುವುದೇ ಕಾರಣ. ಇದನ್ನು ಕಂಡು ಕೇಬಲನ್ನು ಮತ್ತೆ ಹಳೆಯ ಜಾಗಕ್ಕೆ ಹಾಕಬಾರದು. ಆ ಮೊಬೈಲ್‌ನ ವೈಫೈ ಆರಿಸಿ ಹಚ್ಚಿದರೆ ಹೊಸ ವಿಳಾಸ ಸಿಗುತ್ತದೆ. ಕೇಬಲ್‌ನಿಂದ ಸೇರಿಸಿದ ಟಿವಿ ಮತ್ತು ಸಿಸಿಟಿವಿ ರೆಕಾರ್ಡರ್‌ಗಳನ್ನೂ ಒಮ್ಮೆ ಆರಿಸಿ ಹಚ್ಚಬೇಕು. ಇಷ್ಟಾದ ಮೇಲೆ ಎಲ್ಲ ಸಾಧನಗಳ ಗೇಟ್‌ವೇ ರೌಟರ್‌ನ ವಿಳಾಸವನ್ನೇ, ನಮ್ಮ ಉದಾಹರಣೆಯ ಮನೆಯಲ್ಲಿ 192.168.0.1 ಎಂದೇ, ತೋರಿಸಬೇಕು.

ಈ ಗಡಿಬಿಡಿಯಲ್ಲಿ ಯಾವ ಕಾರಣಕ್ಕೂ ರೌಟರ್‌ನ ಹಿಂದಿರುವ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿಯಬೇಡಿ. ಅದು ಆರಿಸಿ ಹಚ್ಚುವುದಕ್ಕೆ ಸಮವಲ್ಲ, ಒಳಗಿನ ಯೂಸರ್‌ನೇಮ್, ಪಾಸ್‌ವರ್ಡ್, ವೈಫೈ ಹೆಸರು ಎಲ್ಲವನ್ನೂ ಅಳಿಸಿಹಾಕುತ್ತದೆ. ಆಮೇಲೆ ಕೇಬಲ್ ಸರಿಯಾದ ಪೋರ್ಟ್‌ಗೆ ಬಂದರೂ ಲಾಗಿನ್ ಆಗಲು ರೌಟರ್‌ನ ಬಳಿ ಏನೂ ಉಳಿದಿರುವುದಿಲ್ಲ. ಒಂದು ನಿಮಿಷದ ಕೆಲಸ ಕಂಪನಿಯವರು ಬರುವವರೆಗೆ ಕಾಯುವ ಕೆಲಸವಾಗುತ್ತದೆ.

ಬಾಕ್ಸ್ ಮತ್ತು ರೌಟರ್ ಎರಡರ ವಿಳಾಸವೂ 192.168.1.1 ಆಗಿದ್ದರೆ ವ್ಯಾನ್‌ಗೆ ಹಾಕಿದ ಮೇಲೂ ಇಂಟರ್‌ನೆಟ್ ಬಾರದಿರಬಹುದು, ಏಕೆಂದರೆ ಒಳಗೂ ಹೊರಗೂ ಒಂದೇ ವಿಳಾಸವಿದ್ದರೆ ಯಾವುದು ಯಾವ ಕಡೆಗೆ ಎಂಬುದು ರೌಟರ್‌ಗೆ ತಿಳಿಯುವುದಿಲ್ಲ. ಹಲವು ರೌಟರ್‌ಗಳು ಇದನ್ನು ತಾವೇ ಪತ್ತೆಹಚ್ಚಿ ಬದಲಿಸಿಕೊಳ್ಳುತ್ತವೆ. ಬದಲಿಸಿಕೊಳ್ಳದಿದ್ದರೆ ವ್ಯಾನ್ ಕೇಬಲ್ ತೆಗೆದು, ಬ್ರೌಸರ್‌ನಲ್ಲಿ 192.168.1.1 ತೆರೆದು, ರೌಟರ್‌ನ ಲ್ಯಾನ್ ಸೆಟ್ಟಿಂಗ್‌ನಲ್ಲಿ ವಿಳಾಸವನ್ನು 192.168.2.1 ಎಂದು ಬದಲಿಸಿ ಉಳಿಸಿ, ಬಳಿಕ ಕೇಬಲ್ ಹಾಕಬೇಕು.

ಹಳೆಯ ಮನೆಯಲ್ಲಿ ಇದೇ ಕೇಬಲ್ ಲ್ಯಾನ್ ಪೋರ್ಟ್‌ನಲ್ಲೇ ಇದ್ದು ಚೆನ್ನಾಗಿ ನಡೆಯುತ್ತಿತ್ತು ಎಂದು ನಿಮಗೆ ಖಚಿತವಾಗಿ ನೆನಪಿದ್ದರೆ ಅದನ್ನೂ ಗಣನೆಗೆ ತೆಗೆದುಕೊಳ್ಳಿ. ವೈಫೈ ದೂರದ ಕೋಣೆಗೂ ತಲುಪಲೆಂದು ಕೆಲವು ತಂತ್ರಜ್ಞರು ಎರಡನೆಯ ರೌಟರ್‌ನ ವಿಳಾಸ ಹಂಚುವ ಸೌಲಭ್ಯವನ್ನು ನಿಲ್ಲಿಸಿ, ಬೇಕೆಂದೇ ಲ್ಯಾನ್‌ಗೆ ಜೋಡಿಸಿರುತ್ತಾರೆ. ಅಂಥ ರೌಟರ್‌ನಲ್ಲಿ ಎಲ್ಲ ಸಾಧನಗಳೂ ಬಾಕ್ಸ್‌ನ ಗೇಟ್‌ವೇಯನ್ನೇ ತೋರಿಸುತ್ತವೆ. ಅಲ್ಲಿ ಪೋರ್ಟ್ ಬದಲಿಸುವ ಅಗತ್ಯವಿಲ್ಲ.

ಪೋರ್ಟ್ ಸರಿಯಿದ್ದೂ ಇಂಟರ್‌ನೆಟ್ ಬಾರದಿದ್ದರೆ ಬ್ರೌಸರ್‌ನಲ್ಲಿ ರೌಟರ್‌ನ ವಿಳಾಸ ಹಾಕಿ ತೆರೆಯುವ ಪುಟದಲ್ಲಿ ವ್ಯಾನ್ ಸ್ಥಿತಿಯನ್ನು ನೋಡಿ. ವಿಳಾಸದ ಜಾಗದಲ್ಲಿ 0.0.0.0 ಎಂದಿದ್ದರೆ ರೌಟರ್‌ಗೆ ಹೊರಗಿನಿಂದ ಇನ್ನೂ ವಿಳಾಸ ಸಿಕ್ಕಿಲ್ಲವೆಂದರ್ಥ. ಫೈಬರ್ ಬಾಕ್ಸ್‌ನಲ್ಲಿ LOS ಎಂಬ ಕೆಂಪು ದೀಪ ಉರಿಯುತ್ತಿದ್ದರೆ ತೊಂದರೆ ಫೈಬರ್‌ನಲ್ಲೇ ಇದೆ. ಕಂಪನಿಗೆ ಫೋನ್ ಮಾಡಿದಾಗ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳದೆ, ಕೇಬಲ್ ವ್ಯಾನ್ ಪೋರ್ಟ್‌ನಲ್ಲಿದೆ, ವ್ಯಾನ್ ವಿಳಾಸ 0.0.0.0 ತೋರಿಸುತ್ತಿದೆ, ಕೆಂಪು ದೀಪ ಇದೆ ಅಥವಾ ಇಲ್ಲ ಎಂದು ತಿಳಿಸಿದರೆ, ಅವರು ಲಾಗಿನ್ ಪರೀಕ್ಷಿಸಬೇಕೋ ತಂತಿ ನೋಡಲು ಜನ ಕಳುಹಿಸಬೇಕೋ ಎಂಬುದನ್ನು ಫೋನ್‌ನಲ್ಲೇ ನಿರ್ಧರಿಸಬಹುದು.