ಕೆಂಪು ಮಣ್ಣಿನ ಗುಂಡಿಯಿಂದ ಗಣದ ಹೆಸರಿನವರೆಗೆ

ಹೊಲದಲ್ಲಿ ಆಳೆತ್ತರದ ಗುಂಡಿ ತೆಗೆದು, ಪದರಗಳನ್ನು ಗುರುತಿಸಿ, ಪ್ರಯೋಗಾಲಯದ ವರದಿಯನ್ನೂ ಕೈಯಲ್ಲಿ ಹಿಡಿದವರಿಗೆ ಮುಂದಿನ ಪ್ರಶ್ನೆ: ಈ ಮಣ್ಣು ಯಾವ ಗಣಕ್ಕೆ ಸೇರುತ್ತದೆ? ಅಮೆರಿಕದ ಕೃಷಿ ಇಲಾಖೆಯ ‘ಸಾಯಿಲ್ ಟ್ಯಾಕ್ಸಾನಮಿ’ ಪದ್ಧತಿಯಲ್ಲಿ ಹನ್ನೆರಡು ಗಣಗಳಿವೆ. ಭಾರತದ ಮಣ್ಣು ಸಮೀಕ್ಷೆಯೂ ಇದೇ ಪದ್ಧತಿಯನ್ನು ಬಳಸುತ್ತದೆ. ಅದರ ಕೀಲಿ ಪುಸ್ತಕ ಒಂದು ಸರತಿ ಸಾಲಿನಂತೆ. ಮೊದಲ ಗಣದಿಂದ ಶುರುಮಾಡಿ ಒಂದೊಂದನ್ನೇ ಕೇಳುತ್ತಾ ಹೋಗಬೇಕು. ಮೊದಲು ಯಾವುದು ಒಪ್ಪುತ್ತದೋ ಅದೇ ಉತ್ತರ. ಮಣ್ಣು ಕೆಂಪಗಿದೆ ಎಂದು ನೇರವಾಗಿ ಎಂಟನೆಯ ಅಥವಾ ಹತ್ತನೆಯ ಬಾಗಿಲಿಗೆ ಹೋಗಿ ನಿಂತವರು ತಪ್ಪು ಹೆಸರಿನೊಂದಿಗೆ ಮರಳುವುದೇ ಹೆಚ್ಚು.

ದಕ್ಷಿಣ ಕರ್ನಾಟಕದ ರಾಗಿ ಹೊಲಗಳಲ್ಲಿ ಕಾಣುವಂಥ, ನೈಸ್ ಶಿಲೆ ಶಿಥಿಲವಾಗಿ ಆದ ಕೆಂಪು ಮಣ್ಣನ್ನೇ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲೆಂದು ನಾನೇ ಹೊಂದಿಸಿಕೊಂಡವು.

0–14 ಸೆಂ.ಮೀ. (ಎಪಿ): ಉಳುಮೆಯ ಪದರ, ಜೇಡಿ 16%, ಸಾವಯವ ಇಂಗಾಲ 0.45%
14–24 ಸೆಂ.ಮೀ. (ಎ2): ಜೇಡಿ 18%
24–45 ಸೆಂ.ಮೀ. (ಬಿಟಿ1): ಜೇಡಿ 29%, ಹೆಂಟೆಗಳ ಮೇಲೆ ತೆಳುವಾದ ಜೇಡಿ ಲೇಪ
45–85 ಸೆಂ.ಮೀ. (ಬಿಟಿ2): ಜೇಡಿ 37%, ಲೇಪ ಸ್ಪಷ್ಟ
85–135 ಸೆಂ.ಮೀ. (ಬಿಟಿ3): ಜೇಡಿ 35%
135–165 ಸೆಂ.ಮೀ. (ಬಿಸಿ): ಜೇಡಿ 27%, ಅದರ ಕೆಳಗೆ ಶಿಥಿಲ ಶಿಲೆ

ಮೊದಲ ಹೆಜ್ಜೆ: ಹೆಸರಿಗೆ ಮುಂಚೆ ಪದರ

ಕೀಲಿ ಕೇಳುವುದು ‘ಬಿಟಿ’ ಎಂಬ ಅಕ್ಷರವನ್ನಲ್ಲ, ‘ಆರ್ಜಿಲಿಕ್ ಪದರ’ವನ್ನು, ಅಂದರೆ ಮೇಲಿನಿಂದ ಇಳಿದ ಜೇಡಿ ಕೂಡಿಕೊಂಡ ಪದರವನ್ನು. ಹೊಲದಲ್ಲಿ ನಾವು ಬರೆದ ಅಕ್ಷರ ನಮ್ಮ ಅನಿಸಿಕೆ. ಆರ್ಜಿಲಿಕ್ ಎನ್ನಲು ಪುರಾವೆ ಬೇಕು. ಮೇಲಿನ ಪದರದಲ್ಲಿ ಜೇಡಿ 15ರಿಂದ 40%ರ ಒಳಗಿದ್ದರೆ ಕೆಳಗಿನದರಲ್ಲಿ ಅದು ಕನಿಷ್ಠ 1.2 ಪಟ್ಟು ಇರಬೇಕು, ಆ ಏರಿಕೆ 30 ಸೆಂ.ಮೀ. ಅಂತರದೊಳಗೆ ಆಗಿರಬೇಕು. ನಮ್ಮ ಎ2 ಪದರದ 18ನ್ನು 1.2ರಿಂದ ಗುಣಿಸಿದರೆ 21.6. ಬಿಟಿ1ರಲ್ಲಿ 29 ಇದೆ. ಈ ಪರೀಕ್ಷೆ ಪಾಸಾಯಿತು.

ಇಲ್ಲೊಂದು ರಿಯಾಯಿತಿಯಿದೆ. ಉಳುಮೆಯ ಪದರವೇ ನೇರವಾಗಿ ಬಿಟಿಯ ಮೇಲೆ ಕೂತಿದ್ದರೆ ಕೀಲಿ ಈ ಲೆಕ್ಕವನ್ನು ಕೇಳುವುದಿಲ್ಲ. ನೇಗಿಲು ಎರಡನ್ನೂ ಬೆರೆಸಿರುತ್ತದೆ, ಮೇಲ್ಮಣ್ಣು ಕೊಚ್ಚಿಹೋಗಿದ್ದರೂ ಇದೇ ಗತಿ. ಆಗ ಜೇಡಿ ಲೇಪವೊಂದೇ ಸಾಕ್ಷಿ.

ಹಾಗಾಗಿ ಆ ಲೇಪವನ್ನು ಸರಿಯಾಗಿ ನೋಡಬೇಕು. ಹೆಂಟೆಯೊಂದನ್ನು ಕೈಯಿಂದಲೇ ಒಡೆದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ನೀರಿನೊಂದಿಗೆ ಇಳಿದು ಬಂದ ಜೇಡಿಯು ಮರಳಿನ ಕಣಗಳನ್ನು ಮುಚ್ಚಿ ನಯವಾಗಿ ಕೂತಿರುತ್ತದೆ; ಬೇರು ಕೊಳೆತ ರಂಧ್ರಗಳ ಒಳಗೋಡೆಗೂ ಮೆತ್ತಿರುತ್ತದೆ; ಒಡೆದ ಅಂಚಿನಲ್ಲಿ ಅದರ ದಪ್ಪ ಬೇರೆಯಾಗಿ ಕಾಣುತ್ತದೆ. ಒತ್ತಡಕ್ಕೆ ಸಿಕ್ಕಿ ಹೊಳಪಾದ ಮೈಯೂ ಮಿನುಗುತ್ತದೆ, ಆದರೆ ಅದಕ್ಕೆ ಪ್ರತ್ಯೇಕ ದಪ್ಪವಿಲ್ಲ, ರಂಧ್ರಗಳ ಒಳಗೆ ಅದು ಕಾಣುವುದಿಲ್ಲ. ಎಷ್ಟೋ ವರದಿಗಳಲ್ಲಿ ಎರಡೂ ಒಂದೇ ಎಂಬಂತೆ ಬರೆದಿರುತ್ತಾರೆ.

ಎರಡನೆಯ ಹೆಜ್ಜೆ: ಸರತಿ ಸಾಲು

ಮೊದಲ ನಾಲ್ಕು ಬಾಗಿಲುಗಳನ್ನು ಬೇಗ ದಾಟಬಹುದು. ವರ್ಷಪೂರ್ತಿ ಹೆಪ್ಪುಗಟ್ಟಿದ ನೆಲ ಇಲ್ಲ, ಆದ್ದರಿಂದ ಜೆಲಿಸಾಲ್ ಅಲ್ಲ. ಕೊಳೆತ ಸಸ್ಯರಾಶಿಯ ದಪ್ಪ ಪದರವಿಲ್ಲ, ಹಿಸ್ಟೊಸಾಲ್ ಅಲ್ಲ. ಹ್ಯೂಮಸ್ ಮತ್ತು ಅಲ್ಯೂಮಿನಿಯಂ ಇಳಿದು ಕೂಡಿಕೊಂಡ ಪದರವಿಲ್ಲ, ಸ್ಪೊಡೊಸಾಲ್ ಅಲ್ಲ. ಜ್ವಾಲಾಮುಖಿಯ ಬೂದಿಯ ಗುಣವಿಲ್ಲ, ಆಂಡಿಸಾಲ್ ಅಲ್ಲ.

ಐದನೆಯದು ಆಕ್ಸಿಸಾಲ್. ಕೆಂಪು ಮಣ್ಣಿನವರು ಇಲ್ಲಿ ನಿಂತು ಲೆಕ್ಕ ಮಾಡಲೇಬೇಕು. ಅತಿಯಾಗಿ ಶಿಥಿಲಗೊಂಡ ಜೇಡಿಗೆ ಪೋಷಕಾಂಶ ಹಿಡಿಯುವ ಶಕ್ತಿ ತೀರಾ ಕಡಿಮೆ. ಒಂದು ಕಿಲೋ ಜೇಡಿಗೆ ಧನ ಅಯಾನು ವಿನಿಮಯ ಸಾಮರ್ಥ್ಯ 16 ಸೆಂಟಿಮೋಲ್ ಅಥವಾ ಅದಕ್ಕಿಂತ ಕಡಿಮೆ ಇದ್ದರಷ್ಟೇ ಆಕ್ಸಿಸಾಲ್‌ನ ಮಾತು. ವರದಿಯಲ್ಲಿರುವುದು ಒಂದು ಕಿಲೋ ಮಣ್ಣಿನ ಅಂಕಿ, ಅದನ್ನು ಜೇಡಿಗೆ ಬದಲಾಯಿಸಿಕೊಳ್ಳಬೇಕು. ನಮ್ಮ ಬಿಟಿ2ರಲ್ಲಿ ಮಣ್ಣಿನ ಅಂಕಿ 7.4; ಅದನ್ನು 0.37ರಿಂದ ಭಾಗಿಸಿದರೆ 20. ಬಿಟಿ1 ಮತ್ತು ಬಿಟಿ3ರಲ್ಲೂ ಇಪ್ಪತ್ತರ ಆಸುಪಾಸೇ. ಭಾಗಿಸುವುದನ್ನು ಮರೆತು 7.4 ಎಂದೇ ಹಿಡಿದರೆ ರಾಗಿ ಹೊಲಕ್ಕೆ ಅಮೆಜಾನ್ ಕಾಡಿನ ಮಣ್ಣಿನ ಹೆಸರು ಬಂದುಬಿಡುತ್ತದೆ.

ಮುಂದೆ ವರ್ಟಿಸಾಲ್, ಅಂದರೆ ಎರೆಮಣ್ಣಿನ ಗಣ. ಅದಕ್ಕೆ ಮೇಲಿನಿಂದಲೇ 30% ಜೇಡಿ, ಬಿರುಕು, ಒಂದರ ಮೇಲೊಂದು ಉಜ್ಜಿಕೊಂಡ ಜಾರುಮೈ ಬೇಕು. ನಮ್ಮಲ್ಲಿ ಮೇಲೆ 16% ಮಾತ್ರ. ಅರಿಡಿಸಾಲ್ ಮರುಭೂಮಿಯಂಥ ಒಣ ನೆಲದ್ದು. ಮಳೆಯನ್ನೇ ನಂಬಿ ಪ್ರತಿವರ್ಷ ರಾಗಿ ತೆಗೆಯುವ ಹೊಲಕ್ಕೆ ಅದು ಸಲ್ಲದು.

ಮೂರನೆಯ ಹೆಜ್ಜೆ: ಅಲ್ಟಿಸಾಲೋ ಆಲ್ಫಿಸಾಲೋ

ಕೆಲಸದ ತಿರುಳು ಇರುವುದು ಇಲ್ಲಿ. ಎರಡಕ್ಕೂ ಆರ್ಜಿಲಿಕ್ ಪದರ ಇರಬಹುದು. ಬೇರೆ ಮಾಡುವುದು ಆಳದಲ್ಲಿ ಉಳಿದಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂಗಳ ಪಾಲು, ಅಂದರೆ ಪ್ರತ್ಯಾಮ್ಲ ಸಂತೃಪ್ತಿ. ಅದು 35%ಕ್ಕಿಂತ ಕಡಿಮೆಯಿದ್ದರೆ ಅಲ್ಟಿಸಾಲ್.

ಯಾವ ಆಳದಲ್ಲಿ? ಆರ್ಜಿಲಿಕ್ ಪದರದ ಮೇಲಂಚಿನಿಂದ 125 ಸೆಂ.ಮೀ. ಕೆಳಗೆ, ನೆಲದ ಮಟ್ಟದಿಂದ 180 ಸೆಂ.ಮೀ. ಕೆಳಗೆ, ಅಥವಾ ಶಿಲೆಯ ಸಂಪರ್ಕಕ್ಕೆ ಸ್ವಲ್ಪ ಮೇಲೆ. ಈ ಮೂರರಲ್ಲಿ ಯಾವುದು ಮೊದಲು ಸಿಗುತ್ತದೋ ಅಲ್ಲಿ. ನಮ್ಮ ಗುಂಡಿಯಲ್ಲಿ 24ಕ್ಕೆ 125 ಸೇರಿಸಿದರೆ 149. ಅದು ಬಿಸಿ ಪದರದೊಳಗೆ ಬರುತ್ತದೆ. ಒಂದು ಮೀಟರಿಗೇ ಅಗೆತ ನಿಲ್ಲಿಸಿದವರ ಬಳಿ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಬಿಟಿ2ರ ಅಂಕಿಯನ್ನು ಬಿಸಿಯ ಜಾಗದಲ್ಲಿ ಬರೆದು ಪಾರಾಗುವಂತಿಲ್ಲ.

ಬಿಸಿ ಪದರದಲ್ಲಿ ಆ ನಾಲ್ಕು ಪ್ರತ್ಯಾಮ್ಲಗಳ ಮೊತ್ತ 4.4, ಪಿಎಚ್ 8.2ರಲ್ಲಿ ಅಳೆದ ಆಮ್ಲೀಯತೆ 3.6. ಎರಡನ್ನೂ ಕೂಡಿದರೆ 8.0. ಇದರಲ್ಲಿ 4.4ರ ಪಾಲು 55%. ಹಾಗಾಗಿ ಅಲ್ಟಿಸಾಲ್ ಅಲ್ಲ.

ಕೀಲಿ ಕೇಳುವುದು ಹೀಗೆ ಕೂಡಿ ತೆಗೆದ ಲೆಕ್ಕವನ್ನು. ನಮ್ಮ ಹೆಚ್ಚಿನ ಪ್ರಯೋಗಾಲಯಗಳು ಕೊಡುವುದು ಪಿಎಚ್ 7ರ ಅಮೋನಿಯಂ ಅಸಿಟೇಟ್ ವಿಧಾನದ ಅಂಕಿಯನ್ನು. ಅದೇ ಬಿಸಿ ಪದರಕ್ಕೆ ಆ ವಿಧಾನದಲ್ಲಿ ಸಾಮರ್ಥ್ಯ 5.9 ಮಾತ್ರ, ಸಂತೃಪ್ತಿ ಸುಮಾರು 75%. ಇಲ್ಲಿ ಯಾವ ವಿಧಾನದಿಂದಲೂ ಉತ್ತರ ಒಂದೇ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮಲೆನಾಡಿನಂಥ ಹೆಚ್ಚು ಮಳೆಯ ಇಳಿಜಾರಿನಿಂದ ಬಂದ ಮಾದರಿಯಲ್ಲಿ ಪ್ರತ್ಯಾಮ್ಲಗಳು 2.7, ಅಸಿಟೇಟ್ ವಿಧಾನದ ಸಾಮರ್ಥ್ಯ 6.0 ಎಂದುಕೊಳ್ಳಿ: ಸಂತೃಪ್ತಿ 45%, ಆಲ್ಫಿಸಾಲ್ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಆಮ್ಲೀಯತೆ 6.3 ಇದ್ದರೆ ಕೂಡಿದ ಲೆಕ್ಕದಲ್ಲಿ ಅದು 30%. ಅಂದರೆ ಅಲ್ಟಿಸಾಲ್. ವಿಧಾನದ ಹೆಸರಿಲ್ಲದ ಶೇಕಡಾ ಅಂಕಿಯನ್ನು ನಾನು ಪ್ರಯೋಗಾಲಯಕ್ಕೆ ವಾಪಸ್ ಕಳಿಸುತ್ತೇನೆ.

ನಾಲ್ಕನೆಯ ಹೆಜ್ಜೆ: ಉಳಿದದ್ದು

ಒಂಬತ್ತನೆಯ ಬಾಗಿಲು ಮಾಲಿಸಾಲ್. ಅದಕ್ಕೆ ದಪ್ಪವಾದ, ಕಪ್ಪಗಿನ, ಮೃದುವಾದ ಮೇಲ್ಮಣ್ಣು ಬೇಕು. ಸಾವಯವ ಇಂಗಾಲ ಸಾಮಾನ್ಯವಾಗಿ 0.6%ರಷ್ಟಾದರೂ ಇರಬೇಕು. ನಮ್ಮದು 0.45%, ಬಣ್ಣವೂ ತಿಳಿ. ಆಗಲಿಲ್ಲ. ಹತ್ತನೆಯದು ಆಲ್ಫಿಸಾಲ್. ಆರ್ಜಿಲಿಕ್ ಪದರವಿದೆ, ಮುಂದೆ ಕೇಳಬೇಕಾದ್ದಿಲ್ಲ. ಗಣ ಸಿಕ್ಕಿತು.

ಮಸೂರದಲ್ಲಿ ಲೇಪ ಕಾಣದೇ ಹೋಗಿದ್ದರೆ? ಜೇಡಿ 29% ಇದ್ದರೂ ಆರ್ಜಿಲಿಕ್ ಎನ್ನಲು ಆಧಾರ ಸಾಲದು. ಕೆಳಪದರದಲ್ಲಿ ಹೆಂಟೆಯ ರಚನೆ ಮತ್ತು ಬಣ್ಣದ ಬದಲಾವಣೆ ಮಾತ್ರ ಸಿಕ್ಕರೆ ಹನ್ನೊಂದನೆಯ ಬಾಗಿಲಾದ ಇನ್ಸೆಪ್ಟಿಸಾಲ್. ಅದೂ ಇಲ್ಲದಿದ್ದರೆ ಕೊನೆಯ ಎಂಟಿಸಾಲ್. ಅನುಮಾನವಿದ್ದಾಗ ಬಿಟಿ2ರ ಒಂದು ಹೆಂಟೆಯನ್ನು ಒಡೆಯದೆ ಡಬ್ಬಿಯಲ್ಲಿಟ್ಟು ತನ್ನಿ. ಅದನ್ನು ಅಂಟಿನಲ್ಲಿ ಗಟ್ಟಿಮಾಡಿ, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಂಧ್ರಗಳ ಒಳಗೋಡೆಯಲ್ಲಿ ಲೇಪ ಇದೆಯೋ ಇಲ್ಲವೋ ತಿಳಿಯುತ್ತದೆ.