ಚೀಟಿ ಸಿಕ್ಕ ಮೇಲೆ ಏನಾಗುತ್ತದೆ? ಪರೀಕ್ಷಾ ಅಕ್ರಮದ ಪ್ರಕರಣ ಸಾಗುವ ದಾರಿ

ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಕೊಠಡಿಯಿಂದ ಹೊರಗೆ ಹಬ್ಬುವ ಸುದ್ದಿ ಒಂದೇ: ‘ಡಿಬಾರ್ ಮಾಡಿಬಿಟ್ಟರಂತೆ.’ ಆ ಹೊತ್ತಿಗೆ ಯಾರೂ ಡಿಬಾರ್ ಆಗಿರುವುದಿಲ್ಲ. ಕೊಠಡಿ ಮೇಲ್ವಿಚಾರಕರ ಕೆಲಸ ಕಂಡದ್ದನ್ನು ವರದಿ ಮಾಡುವುದು. ಶಿಕ್ಷೆ ತೀರ್ಮಾನಿಸುವುದು ವಿಶ್ವವಿದ್ಯಾಲಯದ ಸಮಿತಿ, ಅದೂ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ. ಈ ನಡುವಿನ ಅವಧಿಯಲ್ಲಿ ಏನು ನಡೆಯುತ್ತದೆ ಎಂಬುದು ವಿದ್ಯಾರ್ಥಿಗಳಿಗೂ ಗೊತ್ತಿರುವುದಿಲ್ಲ, ಪೋಷಕರಿಗೂ ಗೊತ್ತಿರುವುದಿಲ್ಲ. ಎಷ್ಟೋ ಪ್ರಕರಣಗಳ ಹಣೆಬರಹ ನಿರ್ಧಾರವಾಗುವುದು ಅಲ್ಲೇ.

ಅಕ್ರಮ ಎಂದರೆ ಯಾವುದು?

ನಕಲು ಮಾಡಿದರೆ ಮಾತ್ರ ಅಕ್ರಮ ಎಂಬ ನಂಬಿಕೆ ಬಹಳ ಜನರಲ್ಲಿದೆ. ನಿಯಮಾವಳಿಗಳು ಹಾಗೆ ಹೇಳುವುದಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ನಿಷೇಧಿತ ವಸ್ತು ಬಳಿಯಲ್ಲಿ ಇದ್ದರೂ ಸಾಕು, ಅದನ್ನು ನೋಡಿ ಬರೆದಿರಬೇಕೆಂದಿಲ್ಲ. ಜೇಬಿನಲ್ಲಿ ಸ್ವಿಚ್ ಆಫ್ ಆಗಿರುವ ಮೊಬೈಲ್, ಅಂಗೈಯಲ್ಲಿ ಬರೆದ ಎರಡು ಸೂತ್ರ, ಪ್ರವೇಶಪತ್ರದ ಹಿಂಬದಿಯ ಪೆನ್ಸಿಲ್ ಟಿಪ್ಪಣಿ, ಮಾಹಿತಿ ತುಂಬಿಡಬಹುದಾದ ಕ್ಯಾಲ್ಕ್ಯುಲೇಟರ್, ಸ್ಮಾರ್ಟ್ ವಾಚ್ ಎಲ್ಲವೂ ಈ ಸಾಲಿಗೆ ಸೇರುತ್ತವೆ. ‘ಬಳಸಲೇ ಇಲ್ಲ ಸಾರ್’ ಎಂಬ ಮಾತು ಶಿಕ್ಷೆಯ ಪ್ರಮಾಣ ತಗ್ಗಿಸಲು ನೆರವಾಗಬಹುದು. ಅದರಿಂದ ಆರೋಪ ಮಾತ್ರ ಬಿದ್ದುಹೋಗುವುದಿಲ್ಲ.

ಎರಡನೆಯ ಗುಂಪು ಇನ್ನೊಬ್ಬರ ಜೊತೆ ಸೇರಿ ಮಾಡುವಂಥದ್ದು: ಮಾತನಾಡುವುದು, ಉತ್ತರ ತೋರಿಸುವುದು, ಪ್ರಶ್ನೆಪತ್ರಿಕೆಯ ಮೇಲೆ ಉತ್ತರ ಗೀಚಿ ಅದನ್ನು ಬದಲಾಯಿಸಿಕೊಳ್ಳುವುದು. ತೋರಿಸಿದವರಿಗೂ ನೋಡಿದವರಷ್ಟೇ ಹೊಣೆ. ಮೂರನೆಯ ಗುಂಪನ್ನು ಅಕ್ರಮ ಎಂದು ಯಾರೂ ಭಾವಿಸುವುದೇ ಇಲ್ಲ. ‘ದಯವಿಟ್ಟು ಪಾಸು ಮಾಡಿ, ಮನೆಯಲ್ಲಿ ತೊಂದರೆ ಇದೆ’ ಎಂದು ಉತ್ತರ ಪತ್ರಿಕೆಯಲ್ಲಿ ಮೌಲ್ಯಮಾಪಕರಿಗೆ ಬರೆಯುವುದು, ಒಳಗೆ ನೋಟು ಇಡುವುದು, ಹೆಸರು ಅಥವಾ ಗುರುತಿನ ಚಿಹ್ನೆ ಹಾಕುವುದು, ಹಾಳೆ ಹರಿಯುವುದು, ಉತ್ತರ ಪತ್ರಿಕೆಯನ್ನು ಹೊರಗೆ ಒಯ್ಯುವುದು ಇವೆಲ್ಲ ಅದರಲ್ಲಿವೆ. ಕೊನೆಯದು ಇನ್ನೊಬ್ಬರ ಹೆಸರಿನಲ್ಲಿ ಕೂತು ಬರೆಯುವುದು. ಅದರ ದಾರಿಯೇ ಬೇರೆ, ಪೊಲೀಸ್ ಠಾಣೆಯವರೆಗೂ ಹೋಗುತ್ತದೆ.

ಒಂದು ಪ್ರಕರಣವನ್ನು ಹಿಂಬಾಲಿಸೋಣ

ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಸಂಖ್ಯಾಶಾಸ್ತ್ರದ ಪತ್ರಿಕೆ, ಬೆಳಿಗ್ಗೆ 9.30ಕ್ಕೆ ಆರಂಭ. 10.50ಕ್ಕೆ ಮೇಲ್ವಿಚಾರಕರು ಒಬ್ಬ ವಿದ್ಯಾರ್ಥಿನಿಯ ಕ್ಯಾಲ್ಕ್ಯುಲೇಟರ್ ಮುಚ್ಚಳದೊಳಗೆ ಮಡಚಿಟ್ಟ ಚೀಟಿಯೊಂದನ್ನು ಕಾಣುತ್ತಾರೆ. ಎರಡೂ ಬದಿಯಲ್ಲಿ ಸೂತ್ರಗಳಿವೆ. ಆಕೆ ಆಗಲೇ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಾಗಿದೆ.

ಮೊದಲ ಹೆಜ್ಜೆ ಚೀಟಿಯನ್ನು ವಶಕ್ಕೆ ಪಡೆಯುವುದು. ಅದರ ಮೇಲೆ ನೋಂದಣಿ ಸಂಖ್ಯೆ, ಸಮಯ, ಮೇಲ್ವಿಚಾರಕರ ಸಹಿ ಬೀಳಬೇಕು, ವಿದ್ಯಾರ್ಥಿನಿಯ ಸಹಿಯನ್ನೂ ಕೇಳುತ್ತಾರೆ. ಸಹಿ ಹಾಕಲು ಒಪ್ಪದಿದ್ದರೆ ‘ನಿರಾಕರಿಸಿದರು’ ಎಂದು ಬರೆದು, ಕಂಡ ಇನ್ನೊಬ್ಬರ ಸಹಿ ಪಡೆಯುತ್ತಾರೆ. ಆಮೇಲೆ ಉತ್ತರ ಪತ್ರಿಕೆ. ಆಕೆ ಬರೆದು ನಿಲ್ಲಿಸಿದ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ಸಮಯ ನಮೂದಿಸಬೇಕು. ಸಣ್ಣ ಗೆರೆ ಅದು, ಆದರೆ ಚೀಟಿ ಸಿಗುವ ಮೊದಲು ಬರೆದದ್ದು ಯಾವುದು, ಆಮೇಲೆ ಬರೆದದ್ದು ಯಾವುದು ಎಂದು ಮುಂದೆ ಹೇಳಬಲ್ಲ ಸಾಕ್ಷಿ ಅದೊಂದೇ. ಎಷ್ಟೋ ಕಡೆ ಹಳೆಯ ಪತ್ರಿಕೆ ವಾಪಸು ಪಡೆದು, ಹೊಸದನ್ನು ಕೊಟ್ಟು ಉಳಿದ ಸಮಯ ಬರೆಯಲು ಬಿಡುತ್ತಾರೆ. ಕೆಲವು ನಿಯಮಾವಳಿಗಳಲ್ಲಿ ಆ ದಿನದ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ.

ಎರಡನೆಯ ಹೆಜ್ಜೆ ಹೇಳಿಕೆ. ಇಡೀ ಕಡತದಲ್ಲಿ ಇದಕ್ಕಿಂತ ತೂಕದ ಕಾಗದ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಗಾಬರಿಯಲ್ಲಿ ವಿದ್ಯಾರ್ಥಿಗಳು ಎರಡು ಬಗೆಯ ತಪ್ಪು ಮಾಡುತ್ತಾರೆ. ಕೆಲವರು ‘ಚೀಟಿ ನನ್ನದಲ್ಲ’ ಎಂದು ಬರೆಯುತ್ತಾರೆ, ಕೈಬರಹ ತಾಳೆ ನೋಡಿದಾಗ ಆ ಸುಳ್ಳು ಬಯಲಾಗಿ ಉಳಿದ ಮಾತಿಗೂ ಬೆಲೆ ಇಲ್ಲದಾಗುತ್ತದೆ. ಇನ್ನು ಕೆಲವರು ‘ತಪ್ಪೊಪ್ಪಿಕೊಂಡರೆ ಇಲ್ಲಿಗೇ ಮುಗಿಯುತ್ತದೆ’ ಎಂದು ಯಾರೋ ಹೇಳಿದ್ದನ್ನು ನಂಬಿ, ಮಾಡದೇ ಇದ್ದದ್ದನ್ನೂ ಒಪ್ಪಿ ಬರೆದುಕೊಡುತ್ತಾರೆ. ನಡೆದದ್ದನ್ನು ನಡೆದ ಹಾಗೆ ಎರಡು ಮೂರು ವಾಕ್ಯದಲ್ಲಿ ಬರೆಯುವುದೇ ಸರಿ. ನಮ್ಮ ವಿದ್ಯಾರ್ಥಿನಿ ಬರೆದದ್ದು ಇಷ್ಟು: ‘ಚೀಟಿ ನನ್ನದು. ಬೆಳಿಗ್ಗೆ ಓದಿಕೊಳ್ಳಲು ಬರೆದಿದ್ದು. ತೆಗೆದಿಡಲು ಮರೆತೆ. ನೋಡಿ ಬರೆದಿಲ್ಲ.’

ಚೀಟಿ, ಹೇಳಿಕೆ, ಮೇಲ್ವಿಚಾರಕರ ವರದಿ, ಉತ್ತರ ಪತ್ರಿಕೆ, ಆ ದಿನದ ಪ್ರಶ್ನೆಪತ್ರಿಕೆ ಎಲ್ಲವನ್ನೂ ಪರೀಕ್ಷಾ ಕೇಂದ್ರದ ಮುಖ್ಯಸ್ಥರು ಮೊಹರು ಮಾಡಿದ ಲಕೋಟೆಯಲ್ಲಿ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾರೆ. ಉಳಿದ ಪತ್ರಿಕೆಗಳನ್ನು ಬರೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಫಲಿತಾಂಶ ತಡೆಹಿಡಿಯಲಾಗುತ್ತದೆ. ಸಿಟ್ಟಿನಲ್ಲೋ ನಿರಾಶೆಯಲ್ಲೋ ಉಳಿದ ಪತ್ರಿಕೆಗಳಿಗೆ ಗೈರುಹಾಜರಾಗುವವರು ತಮ್ಮ ನಷ್ಟವನ್ನು ತಾವೇ ಹೆಚ್ಚಿಸಿಕೊಳ್ಳುತ್ತಾರೆ.

ವಿಷಯ ತಜ್ಞರು ನೋಡುವುದೇನು?

ಸಮಿತಿಯ ಮುಂದೆ ಬರುವ ಪ್ರಶ್ನೆಗಳು ಮೂರು. ವಸ್ತು ಆಕೆಯ ಬಳಿ ಇತ್ತೇ? ಅದರಲ್ಲಿರುವುದು ಆ ದಿನದ ವಿಷಯಕ್ಕೆ ಸಂಬಂಧಿಸಿದೆಯೇ? ಅದು ಉತ್ತರದೊಳಗೆ ಇಳಿದಿದೆಯೇ? ಮೊದಲನೆಯದಕ್ಕೆ ವರದಿ ಮತ್ತು ಹೇಳಿಕೆ ಸಾಕು. ಇನ್ನೆರಡಕ್ಕೆ ವಿಷಯ ಬಲ್ಲ ಅಧ್ಯಾಪಕರು ಚೀಟಿಯನ್ನೂ ಉತ್ತರ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ನಮ್ಮ ಪ್ರಕರಣದಲ್ಲಿ ಮೂರನೆಯ ಪ್ರಶ್ನೆ, 4, 6, 8, 10, 12 ಎಂಬ ಐದು ಮಾಪನಗಳ ಮಾದರಿಗೆ ವೇರಿಯನ್ಸ್ ಕಂಡುಹಿಡಿಯಿರಿ ಎಂದಿತ್ತು ಎನ್ನೋಣ. ಸರಾಸರಿ 8, ವ್ಯತ್ಯಾಸಗಳ ವರ್ಗಗಳ ಮೊತ್ತ 40. ಚೀಟಿಯಲ್ಲಿರುವ ಸೂತ್ರ ಈ ಮೊತ್ತವನ್ನು ಒಟ್ಟು ಸಂಖ್ಯೆಗಿಂತ ಒಂದು ಕಡಿಮೆಯಿಂದ, ಅಂದರೆ 4ರಿಂದ ಭಾಗಿಸಲು ಹೇಳುತ್ತದೆ. ಹಾಗೆ ಮಾಡಿದ್ದರೆ ಉತ್ತರ 10. ವಿದ್ಯಾರ್ಥಿನಿ 5ರಿಂದ ಭಾಗಿಸಿ 8 ಎಂದು ಬರೆದಿದ್ದಾಳೆ. ಚೀಟಿ ನೋಡಿ ಬರೆದವರು ಚೀಟಿಯಲ್ಲಿರುವ ಸರಿಯಾದ ಸೂತ್ರ ಬಿಟ್ಟು ಬೇರೆಯದನ್ನು ಬಳಸುವುದಿಲ್ಲ. ಉಳಿದ ಎರಡು ಉತ್ತರಗಳ ವಿಷಯ ಚೀಟಿಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ತಜ್ಞರ ವರದಿ: ವಸ್ತು ಇತ್ತು, ವಿಷಯಕ್ಕೆ ಸಂಬಂಧಿಸಿದೆ, ಬಳಸಿದ ಕುರುಹು ಇಲ್ಲ. ಆಕೆಯ ತಪ್ಪು ಉತ್ತರವೇ ಆಕೆಯ ಮಾತಿಗೆ ಸಾಕ್ಷಿಯಾಯಿತು.

ಇಂಥ ತಪ್ಪು ಉತ್ತರ ಎದುರಾಳಿಯಾಗುವುದೂ ಉಂಟು. ಇಬ್ಬರ ಉತ್ತರ ಒಂದೇ ಆಗಿ ಸರಿಯಾಗಿದ್ದರೆ ಅದರಿಂದ ಏನೂ ಸಾಬೀತಾಗದು, ಇಬ್ಬರೂ ಓದಿರಬಹುದು. ಇಬ್ಬರೂ ಒಂದೇ ಹಂತದಲ್ಲಿ ಒಂದೇ ವಿಚಿತ್ರ ತಪ್ಪು ಮಾಡಿ, ಅದನ್ನೇ ಹೊತ್ತು ಕೊನೆಯವರೆಗೆ ಹೋಗಿದ್ದರೆ ಮೌಲ್ಯಮಾಪಕರು ಪೆನ್ನು ಕೆಳಗಿಡುತ್ತಾರೆ. ಆಗ ಆಸನ ವ್ಯವಸ್ಥೆಯ ಪಟ್ಟಿ ತರಿಸಿ ಯಾರ ಹಿಂದೆ ಯಾರು ಕೂತಿದ್ದರು ಎಂದು ನೋಡುತ್ತಾರೆ. ಒಬ್ಬರ ಹಾಳೆಯಲ್ಲಿ ಕಚ್ಚಾ ಲೆಕ್ಕ, ಹೊಡೆದುಹಾಕಿದ ಸಾಲುಗಳು ಇದ್ದು, ಇನ್ನೊಬ್ಬರದ್ದರಲ್ಲಿ ಏನೂ ಇಲ್ಲದೆ ಉತ್ತರ ಮಾತ್ರ ಅಚ್ಚುಕಟ್ಟಾಗಿ ಇಳಿದಿದ್ದರೆ ಮೂಲ ಯಾರದೆಂದು ಊಹಿಸುವುದು ಕಷ್ಟವಲ್ಲ. ಆದರೂ ಮೂಲದವರು ತೋರಿಸಿದರೋ, ಅವರಿಗೆ ಗೊತ್ತಿಲ್ಲದೆ ಇವರು ಇಣುಕಿದರೋ ಎಂಬುದನ್ನು ಹಾಳೆಗಳು ಹೇಳಲಾರವು. ವಿಚಾರಣೆ ಬೇಕಾಗುವುದು ಅದಕ್ಕೇ.

ನೋಟಿಸ್ ಮತ್ತು ವಿಚಾರಣೆ

ಆರೋಪ ಏನು, ಯಾವ ನಿಯಮದಡಿ, ಯಾವಾಗ ಹಾಜರಾಗಬೇಕು ಎಂಬುದು ನೋಟಿಸಿನಲ್ಲಿ ಸ್ಪಷ್ಟವಾಗಿರಬೇಕು. ಇದು ವಿಶ್ವವಿದ್ಯಾಲಯ ತೋರಿಸುವ ಔದಾರ್ಯವಲ್ಲ. 1954ರಲ್ಲಿ ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯೊಂದು ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು ಅವರ ಮಾತೇ ಕೇಳದೆ ರದ್ದುಪಡಿಸಿ, ಮುಂದಿನ ವರ್ಷದ ಪರೀಕ್ಷೆಗೂ ಕೂರದಂತೆ ಮಾಡಿತ್ತು. ಸುಪ್ರೀಂ ಕೋರ್ಟ್ 1962ರಲ್ಲಿ ಅದನ್ನು ಒಪ್ಪಲಿಲ್ಲ. ಇಂಥ ಸಮಿತಿ ನ್ಯಾಯಾಧೀಶರಂತೆ ನಡೆದುಕೊಳ್ಳಬೇಕು, ಆರೋಪಿತರಿಗೆ ಉತ್ತರಿಸುವ ಅವಕಾಶ ಕೊಡಲೇಬೇಕು ಎಂದಿತು. ಇದಕ್ಕೊಂದು ಮಿತಿಯೂ ಇದೆ. ಬಿಹಾರದ ಒಂದು ಕೇಂದ್ರದಲ್ಲಿ ಸಾಮೂಹಿಕ ನಕಲು ನಡೆದಿದೆಯೆಂದು ಇಡೀ ಕೇಂದ್ರದ ಪರೀಕ್ಷೆ ರದ್ದಾದಾಗ, ಒಬ್ಬೊಬ್ಬರನ್ನೂ ಕರೆದು ಕೇಳಬೇಕಿಲ್ಲ ಎಂದು ಅದೇ ನ್ಯಾಯಾಲಯ 1970ರಲ್ಲಿ ಹೇಳಿತು. ಅಲ್ಲಿ ಯಾರೊಬ್ಬರ ಮೇಲೂ ಆರೋಪವಿರಲಿಲ್ಲ, ಪರೀಕ್ಷೆಯೇ ಕೆಟ್ಟಿತ್ತು.

ವಿಚಾರಣೆ ನ್ಯಾಯಾಲಯದ ಕಲಾಪದಂತಿರುವುದಿಲ್ಲ. ಮೂವರೋ ಐವರೋ ಸದಸ್ಯರು ಕೂತು ಕೇಳುತ್ತಾರೆ, ವಕೀಲರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಕ್ರಿಮಿನಲ್ ಪ್ರಕರಣದಂತೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆಯನ್ನೂ ಸಮಿತಿ ಕೇಳುವುದಿಲ್ಲ, ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ದಾಖಲೆಗಳಿಂದ ಕಂಡರೆ ಸಾಕು. ಆದ್ದರಿಂದ ಹೋಗುವ ಮೊದಲು ತನ್ನ ವಿರುದ್ಧದ ವರದಿಯ ಮತ್ತು ತಾನು ಬರೆದುಕೊಟ್ಟ ಹೇಳಿಕೆಯ ಪ್ರತಿ ಕೇಳಿ ಪಡೆಯಬೇಕು. ಬರೆದದ್ದು ಒಂದು, ಹೇಳುವುದು ಇನ್ನೊಂದು ಆದರೆ ಸದಸ್ಯರು ಮೊದಲು ಹಿಡಿಯುವುದು ಆ ಎಳೆಯನ್ನೇ. ಹಾಜರಾಗದಿದ್ದರೆ ಕಡತ ನೋಡಿಯೇ ತೀರ್ಮಾನ ಆಗುತ್ತದೆ.

ಶಿಕ್ಷೆಯ ಮೆಟ್ಟಿಲುಗಳು

ಶಿಕ್ಷೆಯ ಪಟ್ಟಿ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ, ಮೆಟ್ಟಿಲುಗಳ ಕ್ರಮ ಹೆಚ್ಚು ಬದಲಾಗದು. ಕೆಳಗಿನ ಮೆಟ್ಟಿಲು ಎಚ್ಚರಿಕೆ ಅಥವಾ ದಂಡ. ವಿಷಯಕ್ಕೆ ಸಂಬಂಧವೇ ಇಲ್ಲದ ಚೀಟಿ, ಗುರುತಿನ ಚಿಹ್ನೆ ಮುಂತಾದ ಸಣ್ಣವು ಅಲ್ಲಿ ನಿಲ್ಲಬಹುದು. ಅದರ ಮೇಲಿನದು ಆ ಒಂದು ಪತ್ರಿಕೆ ರದ್ದು. ನಮ್ಮ ವಿದ್ಯಾರ್ಥಿನಿಯದ್ದು ಇಲ್ಲಿಗೆ ಬರುವಂಥದ್ದು, ಆ ಪತ್ರಿಕೆಯನ್ನು ಮತ್ತೆ ಬರೆಯಬೇಕು. ಚೀಟಿಯಲ್ಲಿದ್ದದ್ದು ಉತ್ತರದಲ್ಲೂ ಕಂಡಿದ್ದರೆ ಆ ಬಾರಿ ಬರೆದ ಎಲ್ಲ ಪತ್ರಿಕೆಗಳೂ ರದ್ದಾಗುವ ಸಂಭವವಿತ್ತು. ಎರಡನೆಯ ಬಾರಿ ಸಿಕ್ಕಿಬಿದ್ದಿದ್ದರೆ, ಚೀಟಿ ನುಂಗಿದ್ದರೆ, ಹರಿದು ಎಸೆದಿದ್ದರೆ ಅಥವಾ ಮೇಲ್ವಿಚಾರಕರಿಗೆ ಬೆದರಿಕೆ ಹಾಕಿದ್ದರೆ ಮುಂದಿನ ಒಂದೋ ಎರಡೋ ಪರೀಕ್ಷೆಗಳಿಗೂ ನಿರ್ಬಂಧ ಬೀಳುತ್ತದೆ. ಜನ ಡಿಬಾರ್ ಎನ್ನುವುದು ಇದನ್ನು. ಸಾಕ್ಷ್ಯ ನಾಶ ಮಾಡಿದರೆ ಪ್ರಕರಣವೇ ಇಲ್ಲವಾಗುತ್ತದೆ ಎಂಬ ಲೆಕ್ಕಾಚಾರ ಹೆಚ್ಚಾಗಿ ತಲೆಕೆಳಗಾಗುತ್ತದೆ, ನಾಶ ಮಾಡಿದ್ದೇ ಪ್ರತ್ಯೇಕ ತಪ್ಪಾಗಿ ನಿಯಮಗಳಲ್ಲಿ ನಮೂದಾಗಿರುತ್ತದೆ. ಬದಲಿ ಅಭ್ಯರ್ಥಿಯನ್ನು ಕೂರಿಸಿದವರಿಗೆ ಹಲವು ವರ್ಷಗಳ ನಿರ್ಬಂಧ, ಉಚ್ಚಾಟನೆ, ಜೊತೆಗೆ ಪೊಲೀಸ್ ದೂರು. ಪದವಿ ಪಡೆದ ಮೇಲೆ ಬಯಲಾದರೆ ಪದವಿಯನ್ನೇ ಹಿಂಪಡೆದ ಉದಾಹರಣೆಗಳಿವೆ.

ಸುದ್ದಿಯಲ್ಲಿ ಆಗಾಗ ಬರುವ 2024ರ ಕೇಂದ್ರ ಕಾಯ್ದೆಯನ್ನು ಇದರ ಜೊತೆ ಬೆರೆಸಬಾರದು. ಅದು ಕೇಂದ್ರ ಸಂಸ್ಥೆಗಳು ನಡೆಸುವ ನೇಮಕಾತಿ ಮತ್ತು ಪ್ರವೇಶ ಪರೀಕ್ಷೆಗಳಿಗೆ ಸಂಬಂಧಿಸಿದ್ದು. ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಯಲ್ಲಿ ಸಿಕ್ಕ ಚೀಟಿಗೆ ಅದು ಅನ್ವಯಿಸುವುದಿಲ್ಲ.

ಮೇಲ್ಮನವಿ

ಆದೇಶ ಲಿಖಿತವಾಗಿ, ಕಾರಣ ಸಹಿತ ಬರಬೇಕು. ಮೇಲ್ಮನವಿಗೆ ಗಡುವು ಚಿಕ್ಕದಾಗಿರುತ್ತದೆ, ಆದೇಶ ಕೈಸೇರಿದ ದಿನದಿಂದಲೇ ಎಣಿಕೆ ಶುರು. ‘ಬಡ ಕುಟುಂಬ, ಕನಿಕರ ತೋರಿ’ ಎಂಬ ಪತ್ರಗಳು ರಾಶಿರಾಶಿಯಾಗಿ ಬರುತ್ತವೆ, ಅವುಗಳಿಂದ ಆದೇಶ ಬದಲಾಗುವುದು ಅಪರೂಪ. ಬದಲಾಯಿಸಬಲ್ಲದ್ದು ಬೇರೆ: ನೋಟಿಸ್ ತಲುಪಲೇ ಇಲ್ಲ, ತಜ್ಞರ ವರದಿ ಇಲ್ಲದೆ ತೀರ್ಮಾನಿಸಿದರು, ಚೀಟಿಯ ಮೇಲೆ ಸಮಯವೂ ಇಲ್ಲ ಸಹಿಯೂ ಇಲ್ಲ, ಇದೇ ತಪ್ಪಿಗೆ ನಿಯಮದಲ್ಲಿ ಇರುವ ಶಿಕ್ಷೆ ಕಡಿಮೆ ಎಂಬಂಥ ಅಂಶಗಳು. ಅಲ್ಲಿಯೂ ಆಗದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಆದರೆ ನ್ಯಾಯಾಲಯ ಸಾಮಾನ್ಯವಾಗಿ ಸಮಿತಿಯ ಜಾಗದಲ್ಲಿ ಕೂತು ಚೀಟಿಯನ್ನೂ ಉತ್ತರವನ್ನೂ ಹೊಸದಾಗಿ ತೂಗುವುದಿಲ್ಲ. ಕ್ರಮ ಪಾಲಿಸಿದ್ದಾರೆಯೇ, ತೀರ್ಮಾನಕ್ಕೆ ಆಧಾರ ಇದೆಯೇ ಎಂದಷ್ಟೇ ನೋಡುತ್ತದೆ.